ತಿರುಗದ ವಾಲ್ವ್, ಬಿಚ್ಚದ ನಟ್: ಚಿಕ್ಕಮ್ಮನ ಮನೆಯ ಬೇಸಿನ್ ರಿಪೇರಿ

ಚಿಕ್ಕಮ್ಮ ಫೋನ್‌ನಲ್ಲಿ ಹೇಳಿದ್ದು ಇಷ್ಟೇ: "ಬೇಸಿನ್ ನಲ್ಲಿ ತೊಟ್ಟಿಕ್ತಾ ಇದೆ ಕಣೋ, ಬಂದಾಗ ಒಂದು ಹೊಸ ನಲ್ಲಿ ಹಾಕ್ಕೊಟ್ಟು ಹೋಗು." ಅರ್ಧ ಗಂಟೆಯ ಕೆಲಸ ಅಂದುಕೊಂಡು ಶನಿವಾರ ಮಧ್ಯಾಹ್ನ ತುಮಕೂರಿಗೆ ಹೋದೆ. ಮುಗಿದಾಗ ಭಾನುವಾರ ಸಂಜೆ ಆಗಿತ್ತು. ಹೊಸ ನಲ್ಲಿ ಕೂರಿಸಲು ಹಿಡಿದದ್ದು ಇಪ್ಪತ್ತೇ ನಿಮಿಷ. ಉಳಿದ ಸಮಯವೆಲ್ಲ ಹಳೆಯದನ್ನು ಬಿಡಿಸುವುದಕ್ಕೇ ಹೋಯಿತು.

ಮನೆ ಮೂವತ್ತು ವರ್ಷ ಹಳೆಯದು. ಗೋಡೆಯೊಳಗೆ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಬೋರ್‌ವೆಲ್ ನೀರು, ಅದೂ ಗಡಸು. ಪಾತ್ರೆಯಲ್ಲಿ ಕುದಿಸಿದರೆ ತಳಕ್ಕೆ ಬಿಳಿ ಪದರ ಕೂರುತ್ತದೆ. ಬೇಸಿನ್ ಕೆಳಗೆ ಟಾರ್ಚ್ ಹಿಡಿದು ನೋಡಿದೆ. ನಲ್ಲಿಗೆ ನೀರು ತರುವ ಕನೆಕ್ಷನ್ ಪೈಪಿನ ಎರಡೂ ತುದಿಯ ಹಿತ್ತಾಳೆ ನಟ್‌ಗಳ ಮೇಲೆ ಹಸಿರು ಬಿಳಿ ಕಲೆಸಿದ ಗಟ್ಟಿ ಪದರ ಕಟ್ಟಿತ್ತು. ಅದರ ಕೆಳಗೆ, ಗೋಡೆಯಿಂದ ಬರುವ ನೀರನ್ನು ನಿಲ್ಲಿಸಲು ಇರುವ ಆಂಗಲ್ ಕಾಕ್ ತೆರೆದೇ ಇತ್ತು, ಹಿಡಿ ಒಂದು ಕೂದಲಷ್ಟೂ ಅಲುಗಲಿಲ್ಲ. ಸರಿ, ಮೇಲಿಂದಲೇ ನೀರು ನಿಲ್ಲಿಸೋಣ ಎಂದು ಟೆರೇಸ್‌ಗೆ ಹೋದರೆ, ಟ್ಯಾಂಕಿನ ಪಕ್ಕದ ಒಂದು ಇಂಚಿನ ಗೇಟ್ ವಾಲ್ವ್ ಕೂಡ ಪೂರ್ತಿ ತೆರೆದ ಸ್ಥಿತಿಯಲ್ಲೇ ಜಾಮ್. ಅದರ ಚಕ್ರದ ಒಂದು ಕಡ್ಡಿ ಮುರಿದಿತ್ತು.

"ಅದಾ, ಹೋದ ವರ್ಷ ನಾನೇ ಪೈಪ್ ರೆಂಚ್ ಹಾಕಿ ತಿರುಗಿಸೋಕೆ ನೋಡಿದ್ದೆ," ಎಂದರು ಚಿಕ್ಕಪ್ಪ. ಕಡ್ಡಿ ಮುರಿದದ್ದು ಅವರ ಪುಣ್ಯ. ಅದು ತಡೆದುಕೊಂಡಿದ್ದರೆ ಚಕ್ರದ ಜೊತೆ ತಿರುಗುವ ಒಳಗಿನ ಕಂಬಿ, ಅಂದರೆ ಸ್ಪಿಂಡಲ್, ಮುರಿಯುತ್ತಿತ್ತು.

ಇಲ್ಲಿ ನನ್ನದೊಂದು ಹಳೆಯ ಗಾಯದ ಮಾತು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಇಂಥದ್ದೇ ಆಂಗಲ್ ಕಾಕ್‌ಗೆ ರೆಂಚ್ ಹಾಕಿದೆ. ಸಾಲದೆ ರೆಂಚಿನ ಹಿಡಿಗೆ ಒಂದು ಉದ್ದ ಪೈಪ್ ತುರುಕಿ ಜಗ್ಗಿದೆ. ಅದು ಸಲೀಸಾಗಿ ತಿರುಗಿತು. ಗೆದ್ದೆ ಅಂದುಕೊಂಡ ಕ್ಷಣವೇ ಗೋಡೆಯಿಂದ ನೀರು ಚಿಮ್ಮಿತು. ತಿರುಗಿದ್ದು ಕಾಕ್ ಅಲ್ಲ, ಕಾಕನ್ನು ಪೈಪಿಗೆ ಸೇರಿಸುವ ಗಿಡ್ಡ ತುಂಡು, ಅಂದರೆ ಗೋಡೆಯೊಳಗೆ ತುಕ್ಕು ತಿಂದಿದ್ದ ನಿಪ್ಪಲ್ ಮುರಿದಿತ್ತು. ಟೈಲ್ ಒಡೆಸಿ, ಹೊಸ ಎಲ್ಬೋ ಹಾಕಿಸಿ, ಅದೇ ಬಣ್ಣದ ಟೈಲ್ ಸಿಗದೆ ಇವತ್ತಿಗೂ ಅಲ್ಲಿ ಬೇರೆ ಬಣ್ಣದ ತೇಪೆ ಇದೆ. ಹಾಗಾಗಿ ಜಾಮ್ ಆದ ನಟ್ ಕಂಡರೆ ಈಗ ನಾನು ಮೊದಲು ನೋಡುವುದು ನಟ್ಟನ್ನಲ್ಲ, ಅದು ಯಾವುದರ ಮೇಲೆ ಕೂತಿದೆ ಎಂಬುದನ್ನು. ಒಂದೇ ಜೋಡಣೆಯಲ್ಲಿ 200 ರೂಪಾಯಿಯ ವಸ್ತುವೂ ಇರುತ್ತದೆ, ಗೋಡೆ ಒಡೆಸುವ ವಸ್ತುವೂ ಇರುತ್ತದೆ. ಎರಡರಲ್ಲಿ ಯಾವುದು ಹಾಳಾದರೆ ಪರವಾಗಿಲ್ಲ ಎಂದು ರೆಂಚ್ ಎತ್ತುವ ಮೊದಲೇ ತೀರ್ಮಾನ ಆಗಿರಬೇಕು.

ಮೊದಲು ಟ್ಯಾಂಕ್

ಬೇಸಿನ್ ಮುಟ್ಟುವ ಮೊದಲು ಮೇಲಿನ ನೀರಿಗೆ ಒಂದು ವ್ಯವಸ್ಥೆ ಆಗಬೇಕಿತ್ತು. ಟ್ಯಾಂಕ್ 1000 ಲೀಟರಿನದು. ಕೆಳಗೆ ಏನಾದರೂ ಮುರಿದರೆ ಅಷ್ಟೂ ನೀರು ಮನೆಯೊಳಗೆ ಇಳಿಯುತ್ತದೆ. ಅದಕ್ಕೇ ಬೆಳಿಗ್ಗೆ ಬಸ್ಸಿನಿಂದಲೇ ಫೋನ್ ಮಾಡಿ, ಮೋಟಾರ್ ಹಾಕಬೇಡಿ, ಬಟ್ಟೆ ಒಗೆಯುವುದಿದ್ದರೆ ಇವತ್ತೇ ಒಗೆದುಬಿಡಿ ಎಂದಿದ್ದೆ. ನಾನು ಬರುವಷ್ಟರಲ್ಲಿ ಟ್ಯಾಂಕಿನ ತಳದಲ್ಲಿ ಒಂದು ಮೊಣಕೈ ಆಳದ ನೀರಿತ್ತು. ಅಷ್ಟಾದರೆ ಟ್ಯಾಂಕಿನೊಳಗೆ ಕೈ ಹಾಕಿ ಹೊರ ಹೋಗುವ ತೂತಿಗೆ ಬಟ್ಟೆ ಉಂಡೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒತ್ತಬಹುದು. ಆ ಉಂಡೆಗೆ ಒಂದು ಗಟ್ಟಿ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಟ್ಯಾಂಕಿನ ಹೊರಗೆ ಕಟ್ಟಿರಲೇಬೇಕು. ಇಲ್ಲದಿದ್ದರೆ ಉಂಡೆ ಪೈಪಿನೊಳಗೆ ಹೋಗಿ ಬೇರೆಯೇ ತಲೆನೋವು. ಇದು ತುರ್ತಿಗೆ ಮಾತ್ರ. ಅದನ್ನು ಸಿದ್ಧ ಮಾಡಿ ಪಕ್ಕಕ್ಕಿಟ್ಟೆ.

ಇನ್ನೊಂದು ಕೆಲಸ ಜನ ಮರೆಯುವುದು: ಗೀಸರ್ ಸ್ವಿಚ್. ಮೇಲಿನ ನೀರು ನಿಲ್ಲಿಸುವಾಗ ಗೀಸರ್ ಖಾಲಿಯಾಗುವ ಸಾಧ್ಯತೆ ಇದೆ. ನೀರಿಲ್ಲದೆ ಕಾಯಿಲ್ ಕಾದರೆ ಸುಟ್ಟೇ ಹೋಗುತ್ತದೆ. ಮೇನ್ ಬೋರ್ಡಿನಲ್ಲೇ ಆಫ್ ಮಾಡಿ ಅದರ ಮೇಲೆ ಒಂದು ಚೀಟಿ ಅಂಟಿಸಿದೆ.

ಈಗ ಗೇಟ್ ವಾಲ್ವ್. ಇದರೊಳಗೆ ಒಂದು ಹಿತ್ತಾಳೆ ತಟ್ಟೆ ಇರುತ್ತದೆ. ಚಕ್ರ ತಿರುಗಿಸಿದರೆ ಸ್ಪಿಂಡಲ್ ಅದನ್ನು ಮೇಲೆ ಎತ್ತುತ್ತದೆ, ಕೆಳಗೆ ಇಳಿಸುತ್ತದೆ. ವರ್ಷಗಟ್ಟಲೆ ತೆರೆದೇ ಇಟ್ಟರೆ ಮೂರು ಕಡೆ ಹಿಡಿಯುತ್ತದೆ. ಸ್ಪಿಂಡಲಿನ ಥ್ರೆಡ್‌ನಲ್ಲಿ ಗಡಸು ನೀರಿನ ಸುಣ್ಣ ಕೂರುತ್ತದೆ. ಸ್ಪಿಂಡಲ್ ಹೊರ ಬರುವ ಜಾಗದಲ್ಲಿ, ಅಂದರೆ ಗ್ಲಾಂಡ್ ನಟ್ ಒಳಗೆ, ನೀರು ತಡೆಯುವ ಪ್ಯಾಕಿಂಗ್ ಒಣಗಿ ಕಲ್ಲಿನಂತೆ ಆಗುತ್ತದೆ. ಮೂರನೆಯದು ನಮ್ಮದೇ ತಪ್ಪು. ತೆರೆಯುವಾಗ ಕೊನೆವರೆಗೂ ಬಿಗಿಯಾಗಿ ತಿರುಗಿಸಿ ಬಿಟ್ಟಿರುತ್ತೇವೆ, ತಟ್ಟೆ ಮೇಲ್ಗಡೆ ಸಿಕ್ಕಿಕೊಂಡಿರುತ್ತದೆ.

ತಂತಿ ಬ್ರಷ್‌ನಲ್ಲಿ ವಾಲ್ವ್ ಉಜ್ಜಿ ಬಣ್ಣ ನೋಡಿದೆ. ಕೆರೆದಾಗ ಒಳಗೆ ಹಳದಿ ಕಂಡರೆ ಹಿತ್ತಾಳೆ ಇನ್ನೂ ಗಟ್ಟಿ ಇದೆ. ಅಲ್ಲಲ್ಲಿ ತಾಮ್ರದ ಹಾಗೆ ಗುಲಾಬಿ ಕೆಂಪು ಮಚ್ಚೆ ಕಂಡರೆ ಹಿತ್ತಾಳೆಯಲ್ಲಿದ್ದ ಸತು ನೀರಿಗೆ ಹೋಗಿದೆ, ಉಳಿದಿರುವುದು ಸ್ಪಂಜಿನಂತಹ ತಾಮ್ರ ಎಂದರ್ಥ. ಅಂಥ ವಾಲ್ವನ್ನು ಬಿಡಿಸಲು ಹೋಗಬಾರದು. ಟ್ಯಾಂಕ್ ಖಾಲಿ ಮಾಡಿ ಬದಲಾಯಿಸುವುದೇ ಸರಿ. ನಮ್ಮದು ಹಳದಿಯಾಗಿತ್ತು. ಮುಂದುವರಿದೆ.

ಚಕ್ರ ಮುಟ್ಟುವ ಮೊದಲು ಗ್ಲಾಂಡ್ ನಟ್. ಒಂದು ಸ್ಪ್ಯಾನರ್‌ನಿಂದ ವಾಲ್ವಿನ ಮೈ ಹಿಡಿದು, ಇನ್ನೊಂದರಿಂದ ಗ್ಲಾಂಡ್ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದೆ. ಸ್ಪಿಂಡಲ್ ಸುತ್ತ ನಾಲ್ಕು ಹನಿ ನೀರು ಇಣುಕಿತು. ಅದು ಒಳ್ಳೆಯ ಸೂಚನೆ: ಪ್ಯಾಕಿಂಗ್ ಹಿಡಿತ ಬಿಟ್ಟಿದೆ. ಬಹಳಷ್ಟು ಜನ ಇದನ್ನು ಬಿಟ್ಟು ನೇರ ಚಕ್ರಕ್ಕೆ ರೆಂಚ್ ಹಾಕುತ್ತಾರೆ. ಆಗ ಹಾಕಿದ ಬಲದಲ್ಲಿ ಬಹಳಷ್ಟು ಒಣಗಿದ ಪ್ಯಾಕಿಂಗ್ ಜೊತೆ ಗುದ್ದಾಡುವುದಕ್ಕೇ ಹೋಗುತ್ತದೆ.

ಆ ಸಂದಿಗೆ ತುಕ್ಕು ಬಿಡಿಸುವ ಸ್ಪ್ರೇ ಹಾಕಬೇಕು. ಆದರೆ ವಾಲ್ವಿನ ಆಚೆ ಕಡೆ ಯಾರೋ ನಂತರ ಸೇರಿಸಿದ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಇತ್ತು, ಕೆನೆ ಬಣ್ಣದ್ದು. ಸಿಪಿವಿಸಿಗೂ ಇಂಥ ಎಣ್ಣೆಗಳಿಗೂ ಆಗಿಬರುವುದಿಲ್ಲ. ಎಣ್ಣೆ ತಗುಲಿದ ಜಾಗದಲ್ಲಿ ಪೈಪ್ ಬಿಗಿತದಲ್ಲಿದ್ದರೆ ಕೆಲವು ದಿನ ಬಿಟ್ಟು ಸೀಳು ಬರಬಹುದು. ಪೈಪಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಕೆಳಗೆ ಬಟ್ಟೆ ಇಟ್ಟು, ಸ್ಪಿಂಡಲಿಗೆ ಮಾತ್ರ ಎರಡು ಸಲ ಚುಮುಕಿಸಿದೆ. ಗ್ಯಾಸ್ ಟಾರ್ಚ್ ಹಚ್ಚಿ ಬಿಸಿ ಮಾಡುವವರೂ ಇದ್ದಾರೆ. ಪಕ್ಕದಲ್ಲಿ ಪ್ಲಾಸ್ಟಿಕ್ ಪೈಪ್, ಒಳಗೆ ರಬ್ಬರ್ ವಾಷರ್ ಇರುವಾಗ ಅದು ಬೇಡವೇ ಬೇಡ. ಎಣ್ಣೆ ಹಾಕಿದ ಮೇಲಂತೂ ಬೆಂಕಿ ಹತ್ತಿರಕ್ಕೂ ತರಬಾರದು.

ಆಮೇಲೆ ಕಾಯುವುದು. ಸುಮ್ನೆ ಕಾಯುವುದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ. ಸಂಜೆ ಇನ್ನೊಮ್ಮೆ ಚುಮುಕಿಸಿ, ವಾಲ್ವಿನ ಮೇಲೆ ಮರದ ತುಂಡು ಇಟ್ಟು ಅದರ ಮೇಲೆ ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ಹತ್ತಾರು ಸಲ ತಟ್ಟಿದೆ. ಆ ನಡುಕಕ್ಕೆ ಸುಣ್ಣದ ಪದರ ಬಿರುಕು ಬಿಡುತ್ತದೆ, ಎಣ್ಣೆ ಒಳಗೆ ಇಳಿಯುತ್ತದೆ.

ಭಾನುವಾರ ಬೆಳಿಗ್ಗೆ ಕೈಯಿಂದಲೇ ಶುರು ಮಾಡಿದೆ. ಮುಚ್ಚುವ ಕಡೆಗೆ ಒಂದಿಷ್ಟು, ಹಿಂದಕ್ಕೆ ಒಂದಿಷ್ಟು, ಮತ್ತೆ ಮುಂದಕ್ಕೆ. ಒಂದೇ ದಿಕ್ಕಿಗೆ ಜಗ್ಗುವುದಲ್ಲ, ಅಲುಗಾಡಿಸುವುದು. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಚಕ್ರ ಒಂದು ಬೆರಳಷ್ಟು ಸರಿಯಿತು. ಸರಿದಷ್ಟೇ ಸರಿಸಿ ವಾಪಸ್ ತಂದೆ, ಮತ್ತೆ ಸ್ಪ್ರೇ. ಪೂರ್ತಿ ಮುಚ್ಚುವವರೆಗೆ ಮುಕ್ಕಾಲು ಗಂಟೆ ಬೇಕಾಯಿತು. ಅರ್ಧ ದಾರಿಯಲ್ಲಿ ಮರಳು ಅರೆದ ಹಾಗೆ ಸದ್ದು ಬಂತು. ಆಗ ಎರಡು ಸುತ್ತು ಹಿಂದಕ್ಕೆ ತೆರೆದು, ಕೆಳಗೆ ಚಿಕ್ಕಮ್ಮನಿಗೆ ಅಂಗಳದ ನಲ್ಲಿ ಬಿಡಲು ಹೇಳಿದೆ. ಉದುರಿದ ಸುಣ್ಣ, ತುಕ್ಕು ನೀರಿನ ಜೊತೆ ಕೆಂಪಗೆ ಹರಿದು ಹೋಯಿತು. ಅದನ್ನು ಬೇಸಿನ್ ನಲ್ಲಿಯಿಂದ ಬಿಟ್ಟಿದ್ದರೆ ಕಸ ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಇಲ್ಲಿ ಹೆದರಬೇಕಾದ ಒಂದೇ ಸೂಚನೆ ಇದೆ. ಗಟ್ಟಿಯಾಗಿ ತಿರುಗುತ್ತಿದ್ದ ಚಕ್ರ ಇದ್ದಕ್ಕಿದ್ದಂತೆ ಬೆಣ್ಣೆಯ ಹಾಗೆ ತಿರುಗಿದರೆ ಅದು ಬಿಟ್ಟುಕೊಂಡಿಲ್ಲ, ಸ್ಪಿಂಡಲ್ ಮುರಿದಿದೆ. ತಟ್ಟೆ ಕಳಚಿ ಕೆಳಗೆ ಬಿದ್ದರೆ ಮನೆಗೆ ನೀರೇ ಇರುವುದಿಲ್ಲ. ಹಾಗಾಗಿಯೇ ಇಂಥ ಕೆಲಸ ಹಬ್ಬದ ಹಿಂದಿನ ದಿನ ಮಾಡಬಾರದು. ಅಂಗಡಿ ತೆರೆದಿರುವ ಹೊತ್ತಿನಲ್ಲಿ ಶುರು ಮಾಡಬೇಕು.

ವಾಲ್ವ್ ಮುಚ್ಚಿದ ಮೇಲೂ ಬೇಸಿನ್ ನಲ್ಲಿಯಲ್ಲಿ ದಾರದಷ್ಟು ನೀರು ಬರುತ್ತಿತ್ತು. ಹಳೆಯ ಗೇಟ್ ವಾಲ್ವಿನ ತಳದಲ್ಲಿ ಕಸ ಕೂತಿರುತ್ತದೆ, ತಟ್ಟೆ ಪೂರ್ತಿ ಕೂರುವುದಿಲ್ಲ. ಅದಕ್ಕೆಂದು ಇನ್ನೂ ಬಿಗಿ ಮಾಡಲು ಹೋಗಲಿಲ್ಲ. ದಾರದಷ್ಟು ನೀರಿಗೆ ಒಂದು ಬಕೆಟ್ ಸಾಕು.

ಬೇಸಿನ್ ಕೆಳಗೆ

ವಾಲ್ವಿಗೆ ಎಣ್ಣೆ ಕುಡಿಸಿ ಬಿಟ್ಟಿದ್ದ ಶನಿವಾರ ಸಂಜೆಯೇ ಬೇಸಿನ್ ಕೆಳಗಿನ ನಟ್‌ಗಳನ್ನೂ ನೆನೆಸಿದ್ದೆ, ಆದರೆ ಎಣ್ಣೆಯಲ್ಲಲ್ಲ. ಅವುಗಳ ಮೇಲಿದ್ದದ್ದು ಹೆಚ್ಚಾಗಿ ಸುಣ್ಣ. ಎಣ್ಣೆ ಸುಣ್ಣವನ್ನು ಕರಗಿಸುವುದಿಲ್ಲ. ಬದಲಿಗೆ ಮೊದಲು ಎಣ್ಣೆ ಬಳಿದರೆ ಆಮೇಲೆ ಹುಳಿ ಅದಕ್ಕೆ ಹತ್ತುವುದೂ ಇಲ್ಲ. ಕ್ರಮ ಹೀಗೆ ಇರಬೇಕು: ಮೊದಲು ಹುಳಿ, ತೊಳೆದು ಒರೆಸಿ, ಆಮೇಲೆ ಎಣ್ಣೆ. ದಿನಸಿ ಅಂಗಡಿಯ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆ್ಯಸಿಡ್ ಪುಡಿಯನ್ನು, ಒಂದು ಲೋಟ ಬಿಸಿನೀರಿಗೆ ಎರಡು ಚಮಚ ಹಾಕಿ ಕರಗಿಸಿದೆ. ಹಳೆಯ ಬನಿಯನ್ ಚೂರನ್ನು ಅದರಲ್ಲಿ ಅದ್ದಿ ನಟ್‌ಗೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್, ಅದಕ್ಕೊಂದು ರಬ್ಬರ್ ಬ್ಯಾಂಡ್. ಸಣ್ಣಗೆ ಗುಳ್ಳೆ ಬರುವುದು ಕಾಣುತ್ತದೆ. ಒಂದು ಗಂಟೆ ಬಿಟ್ಟು ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದರೆ ನಟ್ಟಿನ ಆರು ಮುಖ ಮೊದಲ ಸಲ ಕಂಡವು.

"ಟಾಯ್ಲೆಟ್ ತೊಳೆಯೋ ಆ್ಯಸಿಡ್ ಇದೆಯಲ್ಲ, ಅದನ್ನ ಹಾಕಿದ್ರೆ ಬೇಗ ಆಗಲ್ವಾ?" ಎಂದು ಚಿಕ್ಕಪ್ಪ ಕೇಳಿದರು. ಬೇಗ ಆಗುತ್ತದೆ, ಸುಣ್ಣದ ಜೊತೆ ಕ್ರೋಮ್ ಲೇಪ ಮತ್ತು ಜಿಐ ಪೈಪಿನ ಸತುವನ್ನೂ ತಿನ್ನುತ್ತದೆ. ಬೇಸಿನ್ ಕೆಳಗಿನ ಮುಚ್ಚಿದ ಜಾಗದಲ್ಲಿ ಅದರ ಹೊಗೆ ಮುಖಕ್ಕೇ ಬರುತ್ತದೆ. ಬ್ಲೀಚಿಂಗ್ ಪುಡಿ ಏನಾದರೂ ಅಲ್ಲಿ ಉಳಿದಿದ್ದರೆ ವಿಷಾನಿಲವೇ ಹುಟ್ಟುತ್ತದೆ. ಬೇಡ ಎಂದೆ.

ಭಾನುವಾರ ನೀರು ನಿಂತ ಮೇಲೆ ಕೆಳಗಿನ ನಟ್, ಅಂದರೆ ಆಂಗಲ್ ಕಾಕ್ ಕಡೆಯದ್ದು. ಇಲ್ಲಿ ಎರಡು ಸ್ಪ್ಯಾನರ್ ಇಲ್ಲದೆ ಕೈ ಹಾಕಬಾರದು. ಕಾಕ್ ಗೋಡೆಯಿಂದ ಹೊರಗೆ ಬಂದು ಅದರ ಬಾಯಿ ಮೇಲಕ್ಕೆ ತಿರುಗಿರುತ್ತದೆ. ಆ ಬಾಯಿಯ ನಟ್ಟನ್ನು ಮಾತ್ರ ತಿರುಗಿಸಿದರೆ ಕಾಕ್ ಪಕ್ಕಕ್ಕೆ ವಾಲುತ್ತದೆ, ಅದರ ಭಾರವೆಲ್ಲ ಗೋಡೆಯೊಳಗಿನ ನಿಪ್ಪಲ್ ಮೇಲೆ ಬೀಳುತ್ತದೆ. ಹಾಗಾಗಿ ಎಡಗೈಯ ರೆಂಚ್ ಕಾಕ್‌ನ ಮೈ ಹಿಡಿದು ಎದುರು ದಿಕ್ಕಿಗೆ ಒತ್ತಬೇಕು, ಬಲಗೈಯದು ನಟ್ ತಿರುಗಿಸಬೇಕು. ಎರಡೂ ಹಿಡಿಗಳನ್ನು ಹತ್ತಿರ ಇಟ್ಟು ಮುಷ್ಟಿ ಹಿಂಡಿದ ಹಾಗೆ ಒತ್ತಿದರೆ ಗೋಡೆಗೆ ಏನೂ ತಾಗುವುದಿಲ್ಲ. ಮೊದಲು ಬಿಗಿಯುವ ಕಡೆಗೆ ಕೂದಲಷ್ಟು ಒತ್ತಿದೆ. "ಟಕ್" ಎಂದು ಸದ್ದಾಯಿತು. ಆಮೇಲೆ ಬಿಚ್ಚುವ ಕಡೆಗೆ ಸಲೀಸಾಗಿ ಬಂತು.

ಮೇಲಿನ ನಟ್ ಬರಲಿಲ್ಲ. ಬೇಸಿನ್ನಿನ ಹಿಂದೆ ಕೈ ಹೋಗದಷ್ಟು ಇಕ್ಕಟ್ಟು. ಇಲ್ಲಿ ದಿಕ್ಕೇ ತಪ್ಪುವುದು ಜಾಸ್ತಿ. ಕೆಳಗೆ ಮಲಗಿ ಮೇಲಕ್ಕೆ ನೋಡುತ್ತಿದ್ದರೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಬಿಚ್ಚುತ್ತದೆ. ಮೇಲಿಂದ ಬಗ್ಗಿ ಕೈ ಹಾಕಿದರೆ ಅದೇ ಚಲನೆ ಗಡಿಯಾರದ ದಿಕ್ಕಿಗೆ ಕಾಣುತ್ತದೆ. ಎಷ್ಟೋ ನಟ್‌ಗಳು ಜಾಮ್ ಆಗಿರುವುದೇ ಇಲ್ಲ, ಬಿಚ್ಚುವವರು ಬಿಗಿಯುತ್ತಿರುತ್ತಾರೆ.

ಇಕ್ಕಟ್ಟಿಗೆಂದೇ ಇರುವ ಉದ್ದ ಹಿಡಿಯ ಬೇಸಿನ್ ರೆಂಚ್ ಹಾಕಿ ತಿರುಗಿಸಿದಾಗ ಮೇಲೆ ಚಿಕ್ಕಮ್ಮ ಕೂಗಿದರು: "ನಲ್ಲೀನೇ ತಿರುಗ್ತಾ ಇದೆ ಕಣೋ!" ನಟ್ ನಲ್ಲಿಗೆ ಹಿಡಿದುಕೊಂಡು ಇಡೀ ನಲ್ಲಿಯನ್ನೇ ತಿರುಗಿಸುತ್ತಿತ್ತು. ಚಿಕ್ಕಮ್ಮ ಬಟ್ಟೆ ಸುತ್ತಿ ನಲ್ಲಿ ಹಿಡಿದುಕೊಂಡರು. ಬೇಸಿನ್ ಪಿಂಗಾಣಿಯದು, ನಲ್ಲಿಯನ್ನು ಸನ್ನೆಯ ಹಾಗೆ ಬೇಸಿನ್ನಿಗೆ ಒರಗಿಸಿ ಒತ್ತಿದರೆ ತೂತಿನಿಂದಲೇ ಬಿರುಕು ಬಿಡುತ್ತದೆ. ಇನ್ನೊಮ್ಮೆ ಬಿಸಿನೀರಿನ ಬಟ್ಟೆ ಸುತ್ತಿದೆ. ಬಿಸಿ ಹೊರಗಿನ ನಟ್ಟಿಗೆ ಮೊದಲು ತಾಗಿದರೆ ಅದು ಒಂದಿಷ್ಟು ಹಿಗ್ಗುತ್ತದೆ, ಒಳಗಿನ ನಲ್ಲಿಯ ಕಾಲು ಇನ್ನೂ ತಣ್ಣಗಿರುತ್ತದೆ. ಆ ಅರ್ಧ ನಿಮಿಷದೊಳಗೆ ತಿರುಗಿಸಬೇಕು. ಎರಡು ಸಲ ಮಾಡಿದರೂ ಆಗಲಿಲ್ಲ. ಮೂರನೆಯ ಸಲ ನಟ್ಟಿನ ಮೂಲೆಗಳು ಉಜ್ಜಿ ಗುಂಡಾಗತೊಡಗಿದವು.

ಅಲ್ಲಿಗೆ ಬಿಡಿಸುವ ಪ್ರಯತ್ನ ನಿಲ್ಲಿಸಿದೆ. ಹೇಗೂ ಕನೆಕ್ಷನ್ ಪೈಪ್ ಹೊಸದು ತಂದಿದ್ದೆ, ಆ ನಟ್ ಕಸಕ್ಕೇ ಹೋಗುವುದು. ಅದನ್ನೇ ಕತ್ತರಿಸುವುದು ಸರಿ. ಹ್ಯಾಕ್ಸಾ ಬ್ಲೇಡಿನ ಅರ್ಧ ತುಂಡಿಗೆ ಒಂದು ತುದಿಯಲ್ಲಿ ದಪ್ಪಗೆ ಬಟ್ಟೆ ಸುತ್ತಿ ಹಿಡಿ ಮಾಡಿಕೊಂಡೆ. ಕನ್ನಡಕ ಹಾಕಿಕೊಂಡೆ, ಮಲಗಿ ಮೇಲೆ ನೋಡುವಾಗ ಲೋಹದ ಪುಡಿ ನೇರ ಕಣ್ಣಿಗೇ ಬೀಳುತ್ತದೆ. ನಟ್ಟಿನ ಒಂದು ಮುಖದ ಮೇಲೆ ಉದ್ದಕ್ಕೆ, ಸ್ವಲ್ಪ ಓರೆಯಾಗಿ ಕೊಯ್ಯುತ್ತಾ ಹೋದೆ. ಒಳಗಿನ ಥ್ರೆಡ್ ಇಣುಕುವ ಹೊತ್ತಿಗೆ ನಿಲ್ಲಿಸಿದೆ. ಆ ಸೀಳಿಗೆ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ತಿರುಚಿದೆ. ನಟ್ ಸೀಳಿ ಬಾಯಿ ಬಿಟ್ಟಿತು, ಬೆರಳಿಂದಲೇ ಬಿಚ್ಚಿ ಬಂತು. ಹದಿನೈದು ನಿಮಿಷದ ಕೆಲಸ. ಅದಕ್ಕೆ ಮೊದಲು ಒಂದು ಗಂಟೆ ಹಟ ಮಾಡಿದ್ದೆ.

ಬ್ಲೇಡ್ ನಲ್ಲಿಯ ಕಾಲಿನ ಥ್ರೆಡ್‌ಗೆ ಒಂದು ಗೀರು ಹಾಕಿತ್ತು. ಹಳೆಯ ನಲ್ಲಿಯನ್ನೇ ಉಳಿಸಿಕೊಳ್ಳುವುದಿದ್ದರೂ ಅದರಿಂದ ತೊಂದರೆ ಇರುತ್ತಿರಲಿಲ್ಲ. ಈ ಜೋಡಣೆಯಲ್ಲಿ ನೀರು ತಡೆಯುವುದು ನಟ್ಟಿನೊಳಗಿನ ರಬ್ಬರ್ ವಾಷರ್, ಥ್ರೆಡ್ ಅಲ್ಲ. ಕಾಲಿನ ತುದಿಯ ಚಪ್ಪಟೆ ಅಂಚು ನಯವಾಗಿದ್ದರೆ ಸಾಕು.

ಮುಟ್ಟದೆ ಬಿಟ್ಟ ಕಾಕ್

ಉಳಿದದ್ದು ಅಲುಗದ ಆಂಗಲ್ ಕಾಕ್. ಇಷ್ಟು ಗೆದ್ದ ಮೇಲೆ ಇದನ್ನೂ ನೋಡೇಬಿಡೋಣ ಎನ್ನಿಸುವುದು ಸಹಜ. ಆದರೆ ಅದರ ಹಿಂದಿನ ಕ್ರೋಮ್ ಬಟ್ಟಲನ್ನು ಸರಿಸಿ ನೋಡಿದರೆ ಟೈಲಿನ ತೂತಿನ ಸುತ್ತ ಕೆಂಪು ತುಕ್ಕಿನ ಕಲೆ. ಹಿತ್ತಾಳೆ ಕಾಕ್ ಮತ್ತು ಜಿಐ ನಿಪ್ಪಲ್ ನೀರಿನಲ್ಲಿ ಒಟ್ಟಿಗೆ ಇದ್ದರೆ ಸವೆಯುವುದು ಜಿಐ. ಅದರ ಸತು ಮುಗಿದ ಮೇಲೆ ಕಬ್ಬಿಣ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ, ಹಾಗಾಗಿ ಥ್ರೆಡ್ ಉಬ್ಬಿ ಬೆಸೆದಂತೆ ಆಗುತ್ತದೆ. ಹೊರಗಿಂದ ಎಷ್ಟು ಬಿಗಿಯೋ ಒಳಗೆ ಅಷ್ಟು ತೆಳು.

ಪರೀಕ್ಷೆಗೆ ಒಂದು ಸುಲಭ ಉಪಾಯ ಇದೆ. ಪರ್ಮನೆಂಟ್ ಮಾರ್ಕರ್‌ನಿಂದ ಕಾಕ್‌ನ ಮೈ ಮೇಲೆ ಶುರುವಾಗಿ ಟೈಲಿನ ಮೇಲೆ ಮುಗಿಯುವಂತೆ ಒಂದು ಗೆರೆ ಎಳೆದೆ. ಕಾಕ್‌ನ ಮೈ ಹಿಡಿಯದೆ, ಹಿಡಿಯನ್ನು ಮುಚ್ಚುವ ಕಡೆಗೆ ಮೆಲ್ಲಗೆ ಒತ್ತಿದೆ. ಕಾಕ್ ಮೇಲಿನ ಗೆರೆ ಟೈಲಿನ ಗೆರೆಯಿಂದ ಎರಡು ಮಿಲಿಮೀಟರ್ ಸರಿಯಿತು. ಕೈ ಬಿಟ್ಟೆ, ವಾಪಸ್ ಬಂದು ಸೇರಿತು. ನಟ್ ಅಥವಾ ಸ್ಪಿಂಡಲ್ ಬಿಟ್ಟುಕೊಂಡರೆ ಸರಿದ ಜಾಗದಲ್ಲೇ ನಿಲ್ಲುತ್ತದೆ. ಸ್ಪ್ರಿಂಗಿನ ಹಾಗೆ ವಾಪಸ್ ಬಂದರೆ ತಿರುಚಿಕೊಳ್ಳುತ್ತಿರುವುದು ಗೋಡೆಯೊಳಗಿನ ಪೈಪ್. ನಮ್ಮ ಮನೆಯಲ್ಲಿ ಅವತ್ತು ಈ ಗೆರೆ ಎಳೆದಿದ್ದರೆ ಟೈಲ್ ಉಳಿಯುತ್ತಿತ್ತು.

ಪರಿಚಯದ ಪ್ಲಂಬರ್ ಮೇಸ್ತ್ರಿಗೆ ಫೋನ್ ಮಾಡಿದೆ. "ಸಾರ್, ಅದನ್ನ ಮುಟ್ಬೇಡಿ. ತೆರೆದೇ ಇದೆಯಲ್ಲ, ಹಂಗೇ ಇರ್ಲಿ. ಅದರ ಬಾಯಿಗೆ ಒಂದು ಅರ್ಧ ಇಂಚಿನ ಬಾಲ್ ವಾಲ್ವ್ ಹಾಕಿಬಿಡಿ," ಎಂದರು. ಒಂದು ಕಡೆ ಹೆಣ್ಣು ಥ್ರೆಡ್, ಇನ್ನೊಂದು ಕಡೆ ಗಂಡು ಥ್ರೆಡ್ ಇರುವ ಚಿಕ್ಕ ಬಾಲ್ ವಾಲ್ವ್ ಅಂಗಡಿಯಲ್ಲಿ ಸಿಕ್ಕಿತು. ಕಾಕ್‌ನ ಬಾಯಿಗೆ ಟೆಫ್ಲಾನ್ ಟೇಪ್ ಸ್ವಲ್ಪ ಜಾಸ್ತಿಯೇ ಸುತ್ತಿ ಅದನ್ನು ಕೂರಿಸಿದೆ. ಆಗಲೂ ಇನ್ನೊಂದು ರೆಂಚ್ ಕಾಕ್ ಹಿಡಿದೇ ಇತ್ತು. ಅದರ ಮೇಲೆ ಹೊಸ ಕನೆಕ್ಷನ್ ಪೈಪ್, ಮೇಲೆ ಹೊಸ ನಲ್ಲಿ. ನೋಡಲು ಅಷ್ಟೇನೂ ಚೆಂದ ಇಲ್ಲ, ಒಂದರ ತಲೆ ಮೇಲೆ ಒಂದು ಕೂತ ಹಾಗಿದೆ. ಗೋಡೆಯೊಳಗಿನ ನಿಪ್ಪಲ್ ಮುಂದೊಂದು ದಿನ ಹೋಗುವುದು ಖಂಡಿತ, ಅದಕ್ಕೆ ಇದು ಔಷಧಿ ಅಲ್ಲ. ಬಚ್ಚಲಿನ ಟೈಲ್ ಬದಲಾಯಿಸುವಾಗ ಆ ಪೈಪನ್ನೂ ತೆಗೆಸಿ ಎಂದು ಚಿಕ್ಕಪ್ಪನಿಗೆ ಹೇಳಿದ್ದೇನೆ.

ಸಂಜೆ ಟೆರೇಸಿನ ವಾಲ್ವನ್ನು ನಿಧಾನಕ್ಕೆ ತೆರೆದೆ. ಪೂರ್ತಿ ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತಂದು ಬಿಟ್ಟೆ, ಇನ್ನೊಮ್ಮೆ ಮೇಲೆ ಸಿಕ್ಕಿಕೊಳ್ಳದಿರಲಿ ಎಂದು. ಗ್ಲಾಂಡ್ ನಟ್ಟನ್ನು ಹನಿ ನಿಲ್ಲುವಷ್ಟು ಮಾತ್ರ ಬಿಗಿದೆ. ಅಂಗಳದ ನಲ್ಲಿಯಲ್ಲಿ ನೀರು ತಿಳಿಯಾಗುವವರೆಗೆ ಬಿಟ್ಟು, ಪೈಪಿನ ಗಾಳಿ ಹೋದ ಮೇಲೆ ಗೀಸರ್ ಚೀಟಿ ಕಿತ್ತೆ. ಬೇಸಿನ್ ಕೆಳಗೆ ಒಂದು ಹಳೆಯ ಪೇಪರ್ ಹಾಸಿ ಬಂದೆ. ಒಂದು ಹನಿ ಬಿದ್ದರೂ ಪೇಪರಿನಲ್ಲಿ ಗೊತ್ತಾಗುತ್ತದೆ.

ಸೋಮವಾರ ಬೆಳಿಗ್ಗೆ ಚಿಕ್ಕಮ್ಮ ಫೋನ್ ಮಾಡಿದರು. ಪೇಪರ್ ಒಣಗಿತ್ತು. "ಟೆರೇಸಿನ ಚಕ್ರ ನಾನೇ ತಿರುಗಿಸಿ ನೋಡಿದೆ, ಬೆರಳಲ್ಲೇ ತಿರುಗುತ್ತೆ. ಯುಗಾದಿಗೊಂದ್ಸಲ, ದೀಪಾವಳಿಗೊಂದ್ಸಲ ಅಂದ್ಯಲ್ಲ, ಅಷ್ಟು ಸಾಕಲ್ವಾ?" ಎಂದರು. ಸಾಕು ಎಂದೆ.